ಮನಸ್ಸು ಇನ್ನೂ ಕೂಡದಿರುವಾಗ



ಹಿರಿಯರು ನೋಡಿ, ಒಪ್ಪಿ, ಲಗ್ನ ಕಟ್ಟಿಸಿ ಮಾಡಿದ ಮದುವೆಯಲ್ಲಿ ಗಂಡಹೆಂಡಿರು ಒಂದೇ ಮನೆಯಲ್ಲಿದ್ದೂ ಅಪರಿಚಿತರಂತೆ ಇರುವ ಕಾಲವೊಂದುಂಟು. ಕೆಲವರಿಗೆ ಅದು ಹದಿನೈದು ದಿನ, ಕೆಲವರಿಗೆ ಒಂದು ವರ್ಷ. ಆಗ ಮಗಳು ತವರಿಗೆ ಬಂದು "ಅವರಿಗೆ ನನ್ನ ಮೇಲೆ ಮನಸ್ಸೇ ಇಲ್ಲ ಕಣವ್ವ" ಎಂದರೆ, ನಾವು ಕೊಡುವ ಉತ್ತರ ಒಂದೇ: "ಬರ್ತಾ ಬರ್ತಾ ಸರಿಹೋಗುತ್ತೆ." ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ವಿಚಾರ ಮಾಡಬೇಕಾಗಿದೆ.

1982ರಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಎಂಬ ಇಬ್ಬರು ಜೈಪುರದ 50 ದಂಪತಿಗಳನ್ನು ವಿಚಾರಿಸಿ ಒಂದು ಅಧ್ಯಯನ ಪ್ರಕಟಿಸಿದರು. ಹಿರಿಯರು ನಿಶ್ಚಯಿಸಿದ ಮದುವೆಗಳಲ್ಲಿ ಮೊದಮೊದಲು ಕಡಿಮೆಯಿದ್ದ ಪ್ರೀತಿ ವರ್ಷ ಕಳೆದವರಲ್ಲಿ ಹೆಚ್ಚಾಗಿ ಕಂಡಿತು. ನಮ್ಮವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ಅದು ಸಣ್ಣ ಅಧ್ಯಯನ. ಒಂದೇ ಜೋಡಿಯನ್ನು ವರ್ಷ ವರ್ಷವೂ ಹಿಂಬಾಲಿಸಿ ನೋಡಿದ್ದಲ್ಲ. 2012ರಲ್ಲಿ ಅಮೆರಿಕದಲ್ಲಿರುವ ಭಾರತೀಯರನ್ನು ಇದೇ ರೀತಿ ವಿಚಾರಿಸಿದಾಗ, ತಾವೇ ಮೆಚ್ಚಿ ಮದುವೆಯಾದವರಿಗೂ ಹಿರಿಯರು ಮಾಡಿಸಿದ ಮದುವೆಯವರಿಗೂ ಪ್ರೀತಿಯಲ್ಲಿ ಹೆಚ್ಚುಕಡಿಮೆ ಕಾಣಲಿಲ್ಲ. ಅಂದಮೇಲೆ ಪ್ರೀತಿ ಬೆಳೆಯುವುದು ನಿಜವಿರಬಹುದು, ಆದರೆ ಕ್ಯಾಲೆಂಡರಿನ ಹಾಳೆ ಹರಿದ ಮಾತ್ರಕ್ಕೆ ಬೆಳೆಯುತ್ತದೆ ಎನ್ನಲು ಆಧಾರವಿಲ್ಲ.

ಹಾಗಾದರೆ ಯಾವುದರಿಂದ ಬೆಳೆಯುತ್ತದೆ? ಅಮೆರಿಕದ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಹೊಸ ದಂಪತಿಗಳು ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದನ್ನೇ ಕೂತು ಗಮನಿಸಿದರು. ಒಬ್ಬರು ಇನ್ನೊಬ್ಬರ ಗಮನ ಬೇಡಿ ಆಡುವ ಸಣ್ಣ ಮಾತನ್ನು ಅವರು ಎಣಿಸಿದರು. "ಮಳೆ ಬರೋ ಹಾಗಿದೆ" ಎನ್ನುವುದೂ ಅಂಥ ಒಂದು ಕರೆಯೇ. ಆರು ವರ್ಷದ ನಂತರ ನೋಡಿದರೆ, ಕೂಡಿ ಬಾಳುತ್ತಿದ್ದವರು ಹೊಸತರಲ್ಲಿ ಇಂಥ ನೂರು ಕರೆಗಳಲ್ಲಿ 86ಕ್ಕೆ ಓಗೊಟ್ಟಿದ್ದರು. ಬೇರೆಯಾದವರು 33ಕ್ಕೆ ಮಾತ್ರ. ಇವರು ಹಿರಿಯರು ಮಾಡಿಸಿದ ಮದುವೆಯವರಲ್ಲ, ನಿಜ. ಆದರೂ ಈ ಲೆಕ್ಕ ನಮ್ಮ ಮನೆಗಳಿಗೆ ಬಹಳ ಹತ್ತಿರವಾಗಿದೆ ಎಂದು ನನಗೆ ತೋರುತ್ತದೆ. ಏಕೆಂದರೆ ನಮ್ಮಲ್ಲಿ ಈ ಕರೆಗಳು ಕಿವಿಗೆ ಬೀಳದಿರುವುದಕ್ಕೆ ಕಾರಣಗಳು ಜಾಸ್ತಿ.

ತಾಳವಾಡಿ ಬೆಟ್ಟದ ಮೇಲಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗುಂಡ್ಲುಪೇಟೆ ಕಡೆಯ ಅಂಗಡಿ ಮನೆಯಿಂದ ಹೆಣ್ಣು ತಂದಿದ್ದಾರೆ. ಹೊಲ ಕಾಡಂಚಿನಲ್ಲಿದೆ, ಮುಸುಕಿನ ಜೋಳ ತೆನೆಗಟ್ಟಿದೆ, ಆನೆ ಕಾಟ. ಮದುಮಗ ಸಂಜೆ ಏಳಕ್ಕೆ ಉಂಡು ಟಾರ್ಚು, ಕಂಬಳಿ ಹಿಡಿದು ಅಟ್ಟಣೆಗೆ ಹೋದರೆ ಬೆಳಗ್ಗೆ ಬಂದು ಮಲಗುತ್ತಾನೆ. ಎದ್ದಮೇಲೆ ಕೋಸಿನ ಮೂಟೆ, ಲಾರಿ, ಕೂಲಿ ಲೆಕ್ಕ. 2022ರಿಂದ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಮೇಲೆ ಸತ್ಯಮಂಗಲದ ಕಡೆ ಲೋಡು ಕಳಿಸುವವನಿಗೆ ಹಗಲಿನ ಗಡಿಬಿಡಿ ಇನ್ನೂ ಹೆಚ್ಚು. ಗಂಡಹೆಂಡಿರಿಗೆ ದಿನಕ್ಕೆ ಸಿಗುವುದು ಅರ್ಧ ಗಂಟೆ, ಅದೂ ಅತ್ತೆ, ನಾದಿನಿ, ಓರಗಿತ್ತಿಯರ ಎದುರಿಗೆ. ಗಂಡ ಕೂಲಿಯಾಳುಗಳ ಜೊತೆ ತಮಿಳಿನಲ್ಲಿ ಹಾಸ್ಯವಾಡಿ ನಗುವುದು ಅವಳಿಗೆ ಕೇಳುತ್ತದೆ, ಅರ್ಥವಾಗುವುದಿಲ್ಲ. "ಎಲ್ಲರ ಹತ್ತಿರ ನಗ್ತಾರೆ, ನನ್ನ ಹತ್ತಿರ ಮಾತ್ರ ಮಾತಿಲ್ಲ" ಎಂದು ಅವಳು ತೀರ್ಮಾನಿಸುತ್ತಾಳೆ. "ಕೇಳಿದ್ದಕ್ಕಷ್ಟೇ ಉತ್ತರ, ಹುಡುಗಿಗೆ ಈ ಊರು ಹಿಡಿಸಿಲ್ಲ" ಎಂದು ಅವನು ತೀರ್ಮಾನಿಸುತ್ತಾನೆ. ಇಬ್ಬರ ತೀರ್ಮಾನವೂ ಆನೆ ಕಾವಲಿನಿಂದ ಹುಟ್ಟಿದ್ದು, ಮನಸ್ಸಿನಿಂದಲ್ಲ.

ಬೆಳಗ್ಗೆ ಅವನು ಬಂದಾಗ ಅವಳು ಕೇಳುತ್ತಾಳೆ: "ರಾತ್ರಿ ಆನೆ ಬಂದಿತ್ತಾ?" ಅವನು "ಹೂಂ" ಎಂದು ಕಂಬಳಿ ಎಳೆದುಕೊಳ್ಳುತ್ತಾನೆ. ಆನೆಯ ಸುದ್ದಿ ಅವಳಿಗೆ ಬೇಕಿರಲಿಲ್ಲ. ಅವಳು ಕದ ತಟ್ಟಿದ್ದಳು. "ಎರಡು ಬಂದಿದ್ವು, ಪಟಾಕಿ ಹೊಡೆದು ಓಡಿಸಿದೋ. ನಿಂಗೆ ನಿದ್ದೆ ಬಂತಾ?" ಎಂದಿದ್ದರೆ ಅರ್ಧ ನಿಮಿಷದ ಕೆಲಸ. ಅಂತೆಯೇ ಅವನು ಪೇಟೆಯಿಂದ ಬಂದು "ಇವತ್ತು ಕೋಸಿಗೆ ರೇಟೇ ಇಲ್ಲ" ಎಂದಾಗ ಅವಳು ತಲೆ ತಗ್ಗಿಸಿ ತಟ್ಟೆ ಇಟ್ಟು ಹೋದರೆ, ಅವನ ಕರೆಯೂ ಬಿದ್ದುಹೋಯಿತು. ಅಂಗಡಿ ಮನೆಯಲ್ಲಿ ಬೆಳೆದ ಹುಡುಗಿಗೆ ರೇಟಿನ ಮಾತು ತಿಳಿಯದ್ದೇನಲ್ಲ. "ಎಷ್ಟಕ್ಕೆ ಹೋಯ್ತು? ನಮ್ಮಪ್ಪಾಜಿನೂ ಹೋದ ವಾರ ಹಂಗೇ ಅಂತಿದ್ರು" ಎಂದರೆ ಮಾತು ಮುಂದುವರಿಯುತ್ತದೆ.

ಬೇಸರವನ್ನು ಹೇಳುವ ಕ್ರಮವೂ ಇದೆ. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ತಂದಲ್ಲಿಗೇ ಹಿಂದಿರುಗಿಸಿ ಬನ್ನಿ ಎಂದ ಪ್ರಸಂಗ ತಮಗೆಲ್ಲ ಗೊತ್ತು. ಮಾತು ನಡೆದದ್ದು ಆ ಅಕ್ಕಿಯ ಮೇಲೆ. "ನಿಮಗೆ ನಾನು ಬೇಡ" ಎಂಬುದಕ್ಕೆ ಗಂಡನಾದವನು ಏನೂ ಮಾಡಲಾರ. "ಭಾನುವಾರ ಒಂದು ದಿನ ಅಟ್ಟಣೆಗೆ ಮೈದುನನ್ನು ಕಳಿಸಿ, ನೀವು ಮನೇಲಿರಿ" ಎಂಬುದಕ್ಕೆ ಮಾಡಬಲ್ಲ. ಅತ್ತೆಯರೂ ಇಲ್ಲಿ ಸಹಾಯ ಮಾಡಬಹುದು. ಗೊಬ್ಬರದಂಗಡಿಗೋ ಬ್ಯಾಂಕಿಗೋ ಇಬ್ಬರನ್ನೂ ಒಂದೇ ಬೈಕಿನಲ್ಲಿ ಕಳಿಸಿದರೆ ಸಾಕು, ಹಿಂದೆ ಸಣ್ಣ ಮಕ್ಕಳನ್ನು ಕೂರಿಸದೆ.

ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿದೆ. ಆಗತಾನೇ ಶುರುವಾದ ಮಾತು ಇಲ್ಲಿ ಕಡಿದುಹೋಗುವುದುಂಟು, ಬೆಳೆಯುವುದೂ ಉಂಟು. ಎಲ್ಲರೆದುರು ಮಾತಾಡಲಾಗದ ಹುಡುಗ ಫೋನಿನಲ್ಲಿ ಧಾರಾಳವಾಗಿ ಮಾತಾಡಿಯಾನು. ತಾಯಂದಿರು ಮಾತ್ರ ದಿನವೂ "ಅವನು ಏನಂದ, ಅವರಮ್ಮ ಏನಂದ್ರು" ಎಂದು ಕೆದಕಬಾರದು. ಹತ್ತು ಸಲ ಹೇಳಿದ ದೂರು ಹೇಳುವವಳ ಮನಸ್ಸಿನಲ್ಲೇ ಗಟ್ಟಿಯಾಗುತ್ತದೆ. ಮೂರನೇ ತಿಂಗಳಿಗೇ "ಏನಾದ್ರೂ ವಿಶೇಷವಾ?" ಎಂದು ಕೇಳುವುದನ್ನೂ ಬಿಡಬೇಕು. ಮನಸ್ಸು ಕೂಡುವ ಮೊದಲೇ ದೇಹಸಂಬಂಧಕ್ಕೆ ಅವಸರ ಮಾಡಿದರೆ ಹೆಣ್ಣಿನಲ್ಲಿ ಭಯ ಕೂರುತ್ತದೆ. ಆ ಭಯ ಇಳಿಯಲು ಬೇಕಾಗುವ ಕಾಲ ಬಹಳ. ಅವಳು ಇವತ್ತು ಬೇಡವೆಂದರೆ ಬೇಡ, ಅಷ್ಟೆ.

ಪ್ರೀತಿ ಬೆಳೆಯುತ್ತಿದೆಯೋ ಇಲ್ಲವೋ ಎಂಬುದನ್ನು ಎದೆಯಲ್ಲಿ ಹುಡುಕುವುದಕ್ಕಿಂತ ನಡೆಯಲ್ಲಿ ನೋಡುವುದು ಸುಲಭ. ಕೆಲಸವಿಲ್ಲದೆಯೂ ಒಬ್ಬರು ಮಾತು ತೆಗೆಯುತ್ತಾರೆಯೇ? ಸಂತೋಷದ ಸುದ್ದಿ ಬಂದರೆ ಮೊದಲು ಹೇಳಬೇಕೆನಿಸುವುದು ಯಾರಿಗೆ? ಸೊಸೆ "ನಿಮ್ಮ ಹೊಲ" ಎನ್ನುವುದನ್ನು ಬಿಟ್ಟು "ನಮ್ಮ ಹೊಲ" ಎಂದಳೇ? ಆರು ತಿಂಗಳಲ್ಲಿ ಇಷ್ಟರಲ್ಲಿ ಒಂದಾದರೂ ಕಂಡರೆ ಅವಸರ ಬೇಡ.

ಕಾಯಬಾರದ ಸಂಗತಿಗಳೂ ಇವೆ. ಹೊಡೆತ, ಬಲವಂತ, ತವರಿಗೆ ಫೋನು ಮಾಡಗೊಡದಿರುವುದು, ಕುಡಿದು ಬಂದು ಹೆದರಿಸುವುದು, ಇವು ಪ್ರೀತಿ ತಡವಾದ ಲಕ್ಷಣಗಳಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇರುವುದು ಇದಕ್ಕಾಗಿಯೇ. ಹೆಣ್ಣುಮಕ್ಕಳ ಸಹಾಯವಾಣಿ 181. ಮದುವೆಗೆ ಮೊದಲೇ ಹುಡುಗಿಯೋ ಹುಡುಗನೋ ಬೇಡವೆಂದಿದ್ದರೂ ಒತ್ತಾಯದಿಂದ ಮಾಡಿದ್ದಾದರೆ, ತಪ್ಪು ಹಿರಿಯರದು. ಅದನ್ನು "ಹೊಂದಿಕೊಳ್ಳಿ" ಎಂಬ ಮಾತಿನಿಂದ ಮುಚ್ಚಲಾಗದು, ಮಕ್ಕಳ ಜೊತೆ ಕೂತು ಮಾತಾಡಲೇಬೇಕು. ಇನ್ನು ಇಬ್ಬರಲ್ಲಿ ಯಾರಿಗಾದರೂ ಎರಡು ವಾರಕ್ಕೂ ಮೀರಿ ನಿದ್ದೆ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡವೆನ್ನುವ ಮಾತು ಬಂದರೆ ಅದು ಕಾಯಿಲೆಯಿರಬಹುದು, ವೈದ್ಯರಿಗೆ ತೋರಿಸಬೇಕು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಫೋನು ಮಾಡಬಹುದು. ತಮಿಳುನಾಡಿನಲ್ಲಿದ್ದೇವೆಂದು ಹಿಂಜರಿಯಬೇಕಾಗಿಲ್ಲ, ಆ ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ.