ಗ್ಯಾಸೇ ಇಲ್ಲದ ಡಿಸ್ಪೆನ್ಸರ್‌ಗೆ ಗ್ಯಾಸ್ ತುಂಬಿಸ್ತಾರಂತೆ!

ಬಸವನಗುಡಿಯ ನಮ್ಮ ಅಜ್ಜಿ ಮನೆಯಲ್ಲಿ ಟೇಬಲ್ ಮೇಲೆ ಇಡುವಂಥ ಸಣ್ಣ ವಾಟರ್ ಡಿಸ್ಪೆನ್ಸರ್ ಇದೆ. 20 ಲೀಟರ್ ಕ್ಯಾನನ್ನು ಅದರ ಮೇಲೆ ಬೋರಲು ಹಾಕ್ತಾರೆ. ಈ ಬೇಸಿಗೆಯಲ್ಲಿ ಅದಕ್ಕೆ ಎರಡು ಕಾಯಿಲೆ ಬಂತು. ನೀಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಬರುವ ನೀರೂ ತಣ್ಣಗಿರಲಿಲ್ಲ. ನೋಡಲು ಬಂದ ರಿಪೇರಿಯವರು, "ಗ್ಯಾಸ್ ಹೋಗಿದೆ ಅಮ್ಮ, 1800 ರೂಪಾಯಿ ಆಗುತ್ತೆ" ಅಂದರು. ಅಜ್ಜಿ ನನಗೆ ಫೋನ್ ಮಾಡಿ, "ದುಡ್ಡು ಕೊಡೋಕೆ ಮುಂಚೆ ನೀನೊಂದು ಸಲ ನೋಡೋ" ಅಂದರು.

ಮೊದಲ ಪ್ರಶ್ನೆ: ಇದರಲ್ಲಿ ಗ್ಯಾಸ್ ಇದೆಯಾ? ಫ್ರಿಜ್ ಥರ ಕಂಪ್ರೆಸರ್ ಇರುವ ಡಿಸ್ಪೆನ್ಸರ್ ಭಾರವಾಗಿರುತ್ತೆ, ಹಿಂದೆ ಕಪ್ಪು ಕೊಳವೆಗಳ ಜಾಲರಿ ಇರುತ್ತೆ, ಲೇಬಲ್ ಮೇಲೆ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಅನ್ನೋದೂ ಇರುತ್ತೆ. ಇದರಲ್ಲಿ ಮೂರೂ ಇರಲಿಲ್ಲ. ಹಿಂದೆ ಒಂದು ಚಿಕ್ಕ ಫ್ಯಾನ್, ಅದರ ಒಳಗೆ ಅಲ್ಯೂಮಿನಿಯಂ ರೆಕ್ಕೆಗಳು, ಅಷ್ಟೇ. ಅಂದರೆ ಇದು ಪೆಲ್ಟಿಯರ್ ಮಾದರಿ. ಚಪ್ಪಟೆ ಬಿಲ್ಲೆಯಂಥ ಮಾಡ್ಯೂಲ್‌ನಲ್ಲಿ ಕರೆಂಟ್ ಹರಿದಾಗ ಅದರ ಒಂದು ಮುಖ ತಣ್ಣಗಾಗುತ್ತೆ, ಇನ್ನೊಂದು ಮುಖ ಬಿಸಿಯಾಗುತ್ತೆ. ಇದರಲ್ಲಿ ಸೋರಿಹೋಗಲು ಗ್ಯಾಸೇ ಇಲ್ಲ!

ಎರಡನೆಯ ಪ್ರಶ್ನೆ: ನಲ್ಲಿ ಸೋರುವುದರಿಂದಲೇ ನೀರು ತಣ್ಣಗಾಗ್ತಿಲ್ಲವಾ? ನನಗೆ ಮೊದಲು ಹಾಗೇ ಅನ್ನಿಸಿತು. ತಣ್ಣೀರು ಹೊರಗೆ ಹೋದಷ್ಟೂ ಕ್ಯಾನಿನಿಂದ ಹೊಸ ನೀರು ಒಳಗೆ ಬರುತ್ತಲ್ಲ! ಆದರೆ ಊಹೆ ಸಾಲದು, ಅಳೆಯಬೇಕು. ನಲ್ಲಿ ಕೆಳಗೆ ಅರ್ಧ ಗಂಟೆ ಲೋಟ ಇಟ್ಟೆ. 90 ಮಿ.ಲೀ. ಸೇರಿತು, ಅಂದರೆ ಗಂಟೆಗೆ 180. ಲೇಬಲ್ ಪ್ರಕಾರ ಈ ಡಿಸ್ಪೆನ್ಸರ್ ಗಂಟೆಗೆ 700 ಮಿ.ಲೀ. ನೀರನ್ನು 15 ಡಿಗ್ರಿಗೆ ಇಳಿಸಬಲ್ಲದು. ಕ್ಯಾನಿನ ನೀರು 27 ಡಿಗ್ರಿ ಇತ್ತು. ನಮ್ಮ ಥರ್ಮೋಡೈನಮಿಕ್ಸ್ ಕ್ಲಾಸಿನ ಸೂತ್ರವನ್ನೇ ಹಾಕಿದೆ:

```
Q = m × c × ΔT
180 × 4.2 × 12 ≈ 9,000 J
700 × 4.2 × 12 ≈ 35,000 J
```

ಸೋರಿಕೆ ತಿನ್ನುತ್ತಿದ್ದದ್ದು ತಂಪಾಗಿಸುವ ಶಕ್ತಿಯ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗದಲ್ಲಿ ನೀರು ಚೆನ್ನಾಗಿಯೇ ತಣ್ಣಗಾಗಬೇಕಿತ್ತು. ಆದರೆ ನಲ್ಲಿಯಿಂದ ಬರುತ್ತಿದ್ದದ್ದು 24 ಡಿಗ್ರಿ ನೀರು. ಹಾಗಾಗಿ ಇವು ಎರಡು ಬೇರೆ ಬೇರೆ ತೊಂದರೆಗಳು ಅಂತ ಅಂದುಕೊಂಡೆ.

ನಲ್ಲಿಯಿಂದ ಶುರು ಮಾಡಿದೆ. "ಕ್ಯಾನ್ ತುಂಬಿದಾಗ ಭಾರಕ್ಕೆ ಸೋರುತ್ತೆ" ಅಂತ ಚಿಕ್ಕಪ್ಪ ಹೇಳ್ತಿದ್ದರು. ಅದು ಸರಿಯಲ್ಲ. ಬೋರಲು ಹಾಕಿದ ಕ್ಯಾನಿನ ನೀರನ್ನು ಹೊರಗಿನ ಗಾಳಿಯ ಒತ್ತಡವೇ ಎತ್ತಿ ಹಿಡಿದಿರುತ್ತೆ. ನಲ್ಲಿಗೆ ಬೀಳುವ ಒತ್ತಡ ಒಳಗಿನ ತೊಟ್ಟಿಯ ನೀರಿನ ಮಟ್ಟದ್ದು ಮಾತ್ರ, ಕ್ಯಾನ್ ತುಂಬಿದ್ದರೂ ಖಾಲಿಯಾಗುತ್ತಿದ್ದರೂ ಅಷ್ಟೇ. ಇಷ್ಟು ಕಡಿಮೆ ಒತ್ತಡಕ್ಕೇ ಸೋರಿದರೆ ದೋಷ ಸೀಲಿನದ್ದೇ. ಪ್ಲಗ್ ತೆಗೆದು, ನೀರು ಖಾಲಿ ಮಾಡಿ, ನಲ್ಲಿಯ ತಲೆ ತಿರುಗಿಸಿ ಬಿಚ್ಚಿದೆ. ಸ್ಪ್ರಿಂಗ್ ಕೆಳಗಿನ ಸಿಲಿಕೋನ್ ರಬ್ಬರಿನಲ್ಲಿ ಉಂಗುರದ ಆಕಾರದ ಗುಳಿ ಬಿದ್ದಿತ್ತು. ಅದು ಕೂರುವ ಜಾಗದಲ್ಲಿ ಬಿಳಿ ಉಪ್ಪು ಕಟ್ಟಿತ್ತು. ನಿಂಬೆರಸ ಹಚ್ಚಿ ಉಜ್ಜಿದರೆ ಉಪ್ಪು ಹೋಯಿತು, ಆದರೆ ರಬ್ಬರಿನ ಗುಳಿ ಹೋಗಲ್ಲವಲ್ಲ. 80 ರೂಪಾಯಿಗೆ ಹೊಸ ನಲ್ಲಿಯನ್ನೇ ತಂದು ಹಾಕಿದೆ. ತೊಟ್ಟಿಕ್ಕುವುದು ನಿಂತಿತು.

ಎರಡು ಗಂಟೆ ಕಾದೆ. ನೀರು ಇನ್ನೂ 23 ಡಿಗ್ರಿ! ಬೇಜಾರಾದರೂ, ನನ್ನ ಲೆಕ್ಕ ಸರಿ ಅನ್ನೋದಂತೂ ಗೊತ್ತಾಯಿತು.

ಈಗ ಹಿಂಭಾಗ. ಇಲ್ಲಿ ಕೈಗೇ ಅರ್ಧ ಉತ್ತರ ಸಿಗುತ್ತೆ. ಡಿಸ್ಪೆನ್ಸರ್ ಓಡುವಾಗ ಹಿಂದಿನ ಜಾಲರಿ ಹತ್ತಿರ ಕೈ ಹಿಡಿದು ನೋಡಬೇಕು. ಆಮೇಲೆ ಪ್ಲಗ್ ತೆಗೆದು ರೆಕ್ಕೆಗಳ ಹತ್ತಿರ. ರೆಕ್ಕೆ ಬೆಚ್ಚಗೇ ಆಗಿಲ್ಲ ಅಂದರೆ ಮಾಡ್ಯೂಲ್‌ಗೆ ಕರೆಂಟ್ ಬರ್ತಿಲ್ಲ, ಇಲ್ಲವೇ ಮಾಡ್ಯೂಲ್ ಸತ್ತಿದೆ. ರೆಕ್ಕೆ ಸುಡುತ್ತಿದೆ, ಗಾಳಿ ಮಾತ್ರ ಇಲ್ಲ ಅಂದರೆ ಶಾಖ ಹೊರಗೆ ಹೋಗ್ತಿಲ್ಲ. ನಮ್ಮದು ಎರಡನೆಯದು. ಫ್ಯಾನ್ ಬಿಚ್ಚಿದರೆ ರೆಕ್ಕೆಗಳ ನಡುವೆ ಧೂಳು ಕಂಬಳಿ ಥರ ಕೂತಿತ್ತು. ಮೇಲಾಗಿ ಡಿಸ್ಪೆನ್ಸರನ್ನು ಗೋಡೆಗೆ ಅಂಟಿಸಿಯೇ ಇಟ್ಟಿದ್ದರು. ಬಿಸಿ ಮುಖ ತಣಿಯದಿದ್ದರೆ ಶಾಖ ಮಾಡ್ಯೂಲ್ ಮೂಲಕವೇ ವಾಪಸ್ ತಣ್ಣನೆ ಮುಖಕ್ಕೆ ಬರುತ್ತೆ. ಕರೆಂಟ್ ಖರ್ಚಾಗುತ್ತೆ, ನೀರು ಮಾತ್ರ ತಣ್ಣಗಾಗಲ್ಲ.

ಹಳೇ ಪೇಂಟ್ ಬ್ರಷ್‌ನಿಂದ ಧೂಳು ತೆಗೆದು, ಗೋಡೆಯಿಂದ ಒಂದು ಗೇಣು ದೂರ ಇಟ್ಟೆ. ಎರಡು ಗಂಟೆ ನಂತರ 15 ಡಿಗ್ರಿ.

ಇದಕ್ಕೊಂದು ಮಿತಿ ಇದೆ. ಇಂಥ ಡಿಸ್ಪೆನ್ಸರ್ ಕೋಣೆಗಿಂತ ಸುಮಾರು 12ರಿಂದ 15 ಡಿಗ್ರಿ ಕೆಳಗೆ ಇಳಿಸುತ್ತೆ, ಅಷ್ಟೇ. ಮಧ್ಯಾಹ್ನ ಕೋಣೆ 34 ಇದ್ದಾಗ ನೀರು 20ರ ಆಸುಪಾಸಿನಲ್ಲಿದ್ದರೆ ಅದು ಕೆಟ್ಟಿಲ್ಲ. ಇನ್ನೊಂದು ಮಾತು: ಕೆಂಪು ನಲ್ಲಿ ಕಡೆಯ ಬಿಸಿನೀರಿನ ತೊಟ್ಟಿಯನ್ನು ನಾನು ಮುಟ್ಟಲಿಲ್ಲ. ಪ್ಲಗ್ ತೆಗೆದ ಮೇಲೂ ಅದರ ನೀರು ತುಂಬಾ ಹೊತ್ತು ಕೈ ಸುಡುವಷ್ಟು ಬಿಸಿ ಇರುತ್ತೆ.

ಅಜ್ಜಿ ಒಂದು ಲೋಟ ಕುಡಿದು, "ಪರವಾಗಿಲ್ಲ, ಆದರೂ ನಮ್ಮ ಮಡಕೆ ನೀರಿನ ರುಚಿ ಇಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ.