ಕರಿಕಲ್ಲಿನೊಳಗಣ ದೀಪ

ಚಂದಕವಾಡಿಯ ಸುತ್ತಿನ ಹೊಸ ಮನೆಗಳಲ್ಲಿ ಈಚೆಗೆ ದೇವರ ಕೋಣೆಯ ಕಟ್ಟೆಗೂ ಊಟದ ಮೇಜಿಗೂ ನಮ್ಮ ಚಾಮರಾಜನಗರದ ಕರಿಕಲ್ಲನ್ನೇ ಪಾಲಿಶ್ ಮಾಡಿಸಿ ಹಾಸುವ ರೂಢಿ ಬಂದಿರುವುದರಿಂದ, ಛಾಯಾಚಿತ್ರದ ವೃತ್ತಿಯಲ್ಲಿರುವ ನನ್ನಂಥವರು ಆ ಕಲ್ಲಿನ ಹೊಳಪಿನೊಡನೆ ವ್ಯವಹರಿಸದೆ ವಿಧಿಯಿಲ್ಲ. ಒಂದು ಗೃಹಪ್ರವೇಶದ ಆಹ್ವಾನಪತ್ರಿಕೆಗಾಗಿ, ಗುಂಡ್ಲುಪೇಟೆಯಲ್ಲಿ ಅಣ್ಣನ ಮನೆಯಲ್ಲಿದ್ದ ವಂಶದ ಹಿತ್ತಾಳೆ ದೀಪಾಲೆ ಕಂಬವನ್ನು ಚಂದಕವಾಡಿಯ ತಮ್ಮನ ಹೊಸ ಕಟ್ಟೆಯ ಮೇಲೆ ಇಟ್ಟಂತೆ ಚಿತ್ರದಲ್ಲಿ ತೋರಿಸಬೇಕಾಗಿ ಬಂದಾಗ, ಪ್ರತಿಬಿಂಬವೆಂಬುದರ ಸ್ವಭಾವವನ್ನು ನಾನು ನಿಧಾನವಾಗಿ ಅರಿತುಕೊಂಡೆ.

ದೀಪದ ಚಿತ್ರವನ್ನೇ ನಕಲು ಮಾಡಿ, ತಲೆಕೆಳಗಾಗಿಸಿ, ಮಸುಕುಗೊಳಿಸಿ ಕೆಳಗೆ ಅಂಟಿಸುವುದು ಎಲ್ಲರೂ ಬಲ್ಲ ಮಾರ್ಗ. ಹೋಲಿಕೆಗೆಂದು ಅದನ್ನೂ ಸಿದ್ಧಪಡಿಸಿ ಮನೆಯ ಹಿರಿಯ ತಾಯಿಗೆ ತೋರಿಸಿದಾಗ ಆಕೆ ಕ್ಷಣಮಾತ್ರ ನೋಡಿ, “ಕೆಳಗಿನ ದೀಪದಲ್ಲೂ ಎಣ್ಣ ಕಾಣ್ತದಲ್ಲಪ್ಪ, ಚೆಲ್ಲೋಗಲ್ವಾ?” ಎಂದರು. ಆ ಪ್ರಶ್ನೆಯಲ್ಲಿ ಶಾಸ್ತ್ರವೆಲ್ಲ ಅಡಗಿತ್ತು. ಮೇಲಿನಿಂದ ನೋಡುವ ಕ್ಯಾಮೆರಾಗೆ ಬಟ್ಟಲಿನ ಎಣ್ಣೆಯೂ ಬತ್ತಿಯ ಬುಡವೂ ಕಾಣುತ್ತವೆ. ಆದರೆ ಕಲ್ಲು ತೋರಿಸುವುದು, ಕ್ಯಾಮೆರಾ ಕಟ್ಟೆಯಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ನಿಂತು ನೋಡಿದ ಕಣ್ಣಿಗೆ ಕಾಣುವ ರೂಪವನ್ನು, ಎಂದರೆ ಬಟ್ಟಲಿನ ಹೊರತಳವನ್ನು. ಚಪ್ಪಟೆಯಾದ ನಕಲಿನಲ್ಲಿ ಆ ತಳ ಎಲ್ಲಿಯೂ ಇರಲಾರದು.

ಆದುದರಿಂದ ದೀಪಕ್ಕೆ ಎರಡು ಚಿತ್ರಗಳು ಬೇಕು. ಕಟ್ಟೆಯನ್ನು ತೆಗೆಯುವಾಗ ಕ್ಯಾಮೆರಾ ಕಲ್ಲಿನಿಂದ 40 ಸೆಂ.ಮೀ. ಎತ್ತರದಲ್ಲಿ, ದೀಪವಿರಬೇಕಾದ ಜಾಗದಿಂದ 120 ಸೆಂ.ಮೀ. ದೂರದಲ್ಲಿತ್ತು, ದೀಪದ ಮೊದಲ ಚಿತ್ರಕ್ಕೂ ಅದೇ ಅಳತೆ. ಎರಡನೆಯದಕ್ಕೆ, ದೀಪವನ್ನು ಎತ್ತರದ ಮೇಜಿನ ತುದಿಯಲ್ಲಿಟ್ಟು, ದೂರವನ್ನು ಬದಲಿಸದೆ, ಕ್ಯಾಮೆರಾವನ್ನು ಮೇಜಿನ ಮಟ್ಟಕ್ಕಿಂತ 40 ಸೆಂ.ಮೀ. ತಗ್ಗಿಸಿ, ಮೊದಲು ಎಷ್ಟು ಬಾಗಿಸಿದ್ದೆನೋ ಅಷ್ಟೇ ಮೇಲ್ಮುಖವಾಗಿಸಿ ತೆಗೆದೆ. ಈ ಚಿತ್ರವನ್ನು ಫೋಟೋಶಾಪ್‌ನಲ್ಲಿ Flip Vertical ಮಾಡಿದರೆ ದೊರೆಯುವುದೇ ನಿಜವಾದ ಪ್ರತಿಬಿಂಬ. ಎಡಬಲಗಳು ಅದಲುಬದಲಾಗುವುದಿಲ್ಲವಾದ್ದರಿಂದ ಬೆಳಕಿನ ದಿಕ್ಕನ್ನು ಬದಲಿಸಬೇಕಾದುದಿಲ್ಲ. ಪಾಲಿಶ್ ಕಲ್ಲು ತನ್ನ ಮೇಲ್ಮೈಯಿಂದಲೇ ಪ್ರತಿಫಲಿಸುವುದರಿಂದ ದೀಪದ ಪಾದವೂ ಬಿಂಬದ ಪಾದವೂ ಒಂದನ್ನೊಂದು ಮುಟ್ಟಿರಬೇಕು; ಹಿಂಬದಿಗೆ ಲೇಪವುಳ್ಳ ಗಾಜಿನ ಕನ್ನಡಿಯಾದರೆ ಮಾತ್ರ ಅವುಗಳ ನಡುವೆ ಗಾಜಿನ ದಪ್ಪಕ್ಕೆ ತಕ್ಕ ಸಣ್ಣ ಬಿರುಕು ಕಾಣುತ್ತದೆ.

ಬಿಂಬ ಎಷ್ಟು ಮಸುಕಾಗಬೇಕೆಂಬುದು ಮುಂದಿನ ಮಾತು. ಕಲ್ಲನ್ನು ನೇರ ಮೇಲಿನಿಂದ ನೋಡಿದರೆ ಅದು ಹಿಂತಿರುಗಿಸುವ ಬೆಳಕು ಸುಮಾರು ನೂರಕ್ಕೆ 5 ಭಾಗ ಮಾತ್ರ; ದೃಷ್ಟಿ ಓರೆಯಾದಷ್ಟೂ ಅದು ಹೆಚ್ಚುತ್ತದೆ. ನನ್ನ ಅಳತೆಯಲ್ಲಿ ದೀಪದ ಪಾದದಿಂದ ಬರುವ ಬೆಳಕು ಬಹಳ ಓರೆಯಾಗಿ ಬೀಳುವುದರಿಂದ ಸುಮಾರು 20 ಭಾಗವೂ, 30 ಸೆಂ.ಮೀ. ಎತ್ತರದ ತುದಿಯಿಂದ ಬರುವುದು ಹೆಚ್ಚು ನೇರವಾಗಿ ಬೀಳುವುದರಿಂದ ಸುಮಾರು 10 ಭಾಗವೂ ಪ್ರತಿಫಲಿಸುತ್ತವೆ. ಬಿಂಬವು ಕೆಳಗೆ ಹೋದಂತೆ ತೆಳುವಾಗುವುದು ಹೀಗೆ. ಅದು ಅರ್ಧಕ್ಕಿಳಿಯುತ್ತದೆಯೇ ಹೊರತು, ಜಾಹೀರಾತುಗಳಲ್ಲಿ ತೋರುವಂತೆ ಶೂನ್ಯವಾಗಿ ಕರಗುವುದಿಲ್ಲ. ಬಿಂಬದ ಪದರಕ್ಕೆ Exposure ಹೊಂದಿಕೆಯಲ್ಲಿ ಪಾದದ ಬಳಿ -2.3, ತುದಿಯ ಬಳಿ -3.3 ಕೊಟ್ಟು, ನಡುವೆ ಕ್ರಮವಾಗಿ ಬೆರೆಸಿದರೆ ಈ ಪ್ರಮಾಣ ಸಿದ್ಧಿಸುತ್ತದೆ. ಜ್ವಾಲೆಯನ್ನು ಮಾತ್ರ ಈ ಇಳಿಕೆಯಿಂದ ಹೊರಗಿಟ್ಟೆ: ಚಿತ್ರದಲ್ಲಿ ಬರಿಯ ಬಿಳುಪಾಗಿ ನಿಂತ ಜ್ವಾಲೆ ವಾಸ್ತವದಲ್ಲಿ ಆ ಬಿಳುಪಿಗಿಂತ ಅನೇಕ ಪಾಲು ಪ್ರಖರವಾದುದು, ಅದರ ಹತ್ತನೆಯ ಒಂದು ಭಾಗವೂ ಕಲ್ಲಿನೊಳಗೆ ಹೊಳೆಯುವ ಹಳದಿಯಾಗಿಯೇ ಕಾಣಬೇಕಲ್ಲದೆ ಬೂದಿಬಣ್ಣವಾಗಿ ಅಲ್ಲ.

ಕಡೆಯದಾಗಿ, ಬಹುಮಂದಿ ಗಮನಿಸದ ಸಂಗತಿಯೊಂದುಂಟು. ಆ ಕಟ್ಟೆಯ ಮೇಲೆ ಹಿಂದಿನ ಕಿಟಕಿಯ ಬೆಳಕು ಬಿಳಿಯ ಪಟ್ಟೆಯಾಗಿ ಬಿದ್ದಿತ್ತು. ಬಿಂಬವನ್ನು Screen ವಿಧಾನದಲ್ಲಿ ಬೆರೆಸಿದರೆ ಬೆಳಕಿಗೆ ಬೆಳಕು ಕೂಡುವುದು ಸರಿಯೇ. ಆದರೆ ದೀಪವು ಕಿಟಕಿಗೆ ಅಡ್ಡವಾಗಿ ನಿಂತಿರುವುದರಿಂದ, ಬಿಂಬವಿರುವೆಡೆ ಕಿಟಕಿಯ ಪಟ್ಟೆ ಉಳಿಯಕೂಡದು. ಉಳಿದರೆ ದೀಪ ಗಾಜಿನದೆಂಬಂತೆ ಪಾರದರ್ಶಕವಾಗುತ್ತದೆ. ಆದಕಾರಣ ಮೊದಲು ಬಿಂಬದ ಆಕಾರವನ್ನಷ್ಟೇ, ಅದೇ ಕಲ್ಲಿನಲ್ಲಿ ಬೆಳಕು ಬೀಳದ ಭಾಗದಿಂದ ತೆಗೆದ ಕಪ್ಪಿನಿಂದ ತುಂಬಿ, ಅದರ ಮೇಲೆ ಬಿಂಬವನ್ನು ಬೆರೆಸಿದೆ.

ಈ ಕ್ರಮಕ್ಕೂ ಒಂದು ಮಿತಿಯಿದೆ. ವಸ್ತು ಕೈಗೆ ಸಿಗದೆ ಒಂದೇ ಹಳೆಯ ಚಿತ್ರ ಉಳಿದಿದ್ದರೆ ಕಾಣದ ತಳವನ್ನು ಯಾರೂ ಹುಟ್ಟಿಸಲಾರರು. ಅಂಥ ಸಂದರ್ಭದಲ್ಲಿ, ಕ್ಯಾಮೆರಾ ಬಹುಮಟ್ಟಿಗೆ ಕಟ್ಟೆಯ ಮಟ್ಟದಲ್ಲೇ ಇದ್ದು ತೆಗೆದ ಚಿತ್ರವಾದರೆ ತಲೆಕೆಳಗಿನ ನಕಲು ನಡೆದೀತು, ಅಲ್ಲವಾದರೆ ಹೊಳಪಿಲ್ಲದ ಮಣೆಯ ಮೇಲೆ ವಸ್ತುವನ್ನು ಕೂರಿಸಿರೆಂದು ಗಿರಾಕಿಗಳಿಗೆ ಹೇಳುವುದೇ ಮೇಲು.