ಟೈರಿನ ಹುಟ್ಟಿದ ವಾರ ನೋಡು

ಗಾಡಿ ನೋಡಿದ ದಿನವೇ ಅಡ್ವಾನ್ಸ್ ಕೊಡಲು ಹೊರಟವನು ನೀನು. ಚಕ್ರದ ಫೋಟೊ ಕಳಿಸುವಷ್ಟು ಬುದ್ಧಿ ಬಂತಲ್ಲ, ಅದೇ ಖುಷಿ ಮಾರಾಯ. 2021ರ ಸ್ವಿಫ್ಟು, 'ಗ್ರಿಪ್ ಚೆನ್ನಾಗಿದೆ, ಹೊಸ ಟೈರು ದೊಡ್ಡಪ್ಪ' ಅಂದೆ. ಫೋಟೊ ಸ್ವಲ್ಪ ದೊಡ್ಡದು ಮಾಡಿ ಓದು.

165/80 ಆರ್ 14 ಅಂತ ಇದೆ. ಟೈರಿನ ಅಗಲ 165 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 80, ಅಂದರೆ 132 ಮಿಲಿಮೀಟರ್. ಆರ್ ಅಂದರೆ ರೇಡಿಯಲ್, 14 ಅಂದರೆ ರಿಮ್ಮಿನ ಇಂಚು. ನಾಳೆ ಅಂಗಡಿಯವನು 'ಅಗಲದ್ದು ಹಾಕಿಸಿ ಸಾರ್, ಲುಕ್ ಬರುತ್ತೆ' ಅಂತ 175/65 ತೋರಿಸುತ್ತಾನೆ. ಅದೂ ಅದೇ ರಿಮ್ಮಿಗೆ ಕೂರುತ್ತದೆ. ಆದರೆ ಗೋಡೆ 114ಕ್ಕೆ ಇಳಿದು ಗಾಡಿ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ತಗ್ಗುತ್ತದೆ. ಕಳಸದ ಕಡೆ ನಮ್ಮ ತೋಟದ ರಸ್ತೆಯ ನಡುದಿಣ್ಣೆ ನಿನಗೆ ಗೊತ್ತಲ್ಲ, ಅಡಿ ತಾಗುವುದು ಅಲ್ಲೇ.

ಮುಂದಿನದು 85 ಟಿ. 85 ಅನ್ನುವುದು ಕಿಲೋ ಅಲ್ಲ, ಪಟ್ಟಿಯ ನಂಬರು. ಒಂದು ಟೈರು 515 ಕಿಲೋ ಹೊರಬಲ್ಲದು ಅಂತ ಅರ್ಥ. ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗದ ಮಿತಿ. ನಮ್ಮ ರಸ್ತೆಯಲ್ಲಿ ಅದರ ಚಿಂತೆ ನಿನಗೆ ಬೇಡ. ನಾಲ್ಕು ಟೈರು ಸೇರಿ ಎರಡು ಟನ್ ಹೊರುತ್ತವಲ್ಲ ಅಂತ ಡಿಕ್ಕಿಗೆ ಕಾಫಿ ಮೂಟೆ ತುಂಬಬೇಡ. ಆ ಭಾರವೆಲ್ಲ ಹಿಂದಿನ ಎರಡರ ಮೇಲೇ ಕೂರುತ್ತದೆ, ಘಾಟಿಯ ತಿರುವಿನಲ್ಲಂತೂ ಹೊರಮಗ್ಗುಲಿನ ಒಂದಕ್ಕೇ ಹೆಚ್ಚು. ಗಾಳಿ ಕಮ್ಮಿಯಿದ್ದರೆ ಆ 515ರ ಲೆಕ್ಕವೂ ಇಲ್ಲ: ಗೋಡೆ ಮಡಚಿ ಬಿಚ್ಚಿ ಕಾದು ಒಳಗಿನ ದಾರ ಹರಿಯುತ್ತದೆ.

ನೀನು ನೋಡದೇ ಬಿಟ್ಟಿದ್ದು ಮೂಲೆಯ ಮೊಟ್ಟೆಯಾಕಾರದ ಚೌಕಟ್ಟು. ಅದರಲ್ಲಿ 2319 ಅಂತಿದೆ. 2019ರ 23ನೇ ವಾರ, ಅಂದರೆ ಜೂನ್ ಮೊದಲ ಭಾಗ. ಗಾಡಿ 2021ರದು, ಟೈರು ಅದಕ್ಕಿಂತ ಎರಡು ವರ್ಷ ದೊಡ್ಡದು! ಕಂಪನಿಯಿಂದ ಬಂದ ಟೈರು ಅಷ್ಟು ಹಳೆಯದಾಗಿರುವುದು ಅಪರೂಪ. ಒಳ್ಳೆಯದನ್ನು ಬಿಚ್ಚಿಟ್ಟುಕೊಂಡು ಎಲ್ಲೋ ಬಿದ್ದಿದ್ದನ್ನು ಹಾಕಿರಬೇಕು ಅನ್ನುವುದು ನನ್ನ ಅನುಮಾನ. ಓಡದೇ ಬಿದ್ದಿದ್ದಕ್ಕೇ ಗ್ರಿಪ್ ಉಳಿದಿದೆ. ಆದರೆ ರಬ್ಬರು ನಿಂತಲ್ಲೇ ಗಟ್ಟಿಯಾಗುತ್ತದೆ. ಗಟ್ಟಿ ರಬ್ಬರು ಒಣ ರಸ್ತೆಯಲ್ಲಿ ಗುಟ್ಟು ಬಿಡುವುದಿಲ್ಲ. ಆಷಾಢದ ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಬ್ರೇಕ್ ಒತ್ತಿದರೆ ಜಾರುತ್ತದೆ. ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ತೋರಿಸು, ಹತ್ತಾದರೆ ಗ್ರಿಪ್ ಎಷ್ಟೇ ಇರಲಿ ಬಿಸಾಡು. ಈಗ ಉಗುರಿನಿಂದ ಗೋಡೆ ಒತ್ತಿ ನೋಡು, ಕೂದಲೆಳೆಯಂಥ ಬಿರುಕು ಕಂಡರೆ ಕಾಯುವುದೂ ಬೇಡ.

ಉಳಿದ ಮೂರರದೂ ಸ್ಟೆಪ್ನಿಯದೂ ಫೋಟೊ ಕಳಿಸು. ವಾರದ ನಂಬರು ಕೆಲವು ಟೈರಿನಲ್ಲಿ ಒಂದೇ ಮಗ್ಗುಲಿಗೆ ಇರುತ್ತದೆ. ಹೊರಗೆ ಕಾಣದಿದ್ದರೆ ಅಂಗಿ ಕೊಳೆಯಾದರೂ ಸರಿ, ಗಾಡಿಯಡಿ ಬಗ್ಗಿ ಒಳಮೈ ನೋಡು. ನಾಲ್ಕೂ ಹೀಗೇ ಇದ್ದರೆ ಹೊಸ ಸೆಟ್ಟಿನ ದುಡ್ಡು ಕಳೆದು ರೇಟು ಕೇಳು.